ಮನೆಯಲ್ಲೇ ಉಳಿಯುವ ಅಡುಗೆಯವರು ಮತ್ತು ಮನೆ ಮಾಲೀಕರು

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬೆಳಿಗ್ಗೆ ಬಂದು ಅಡುಗೆ ಮಾಡಿ ಹೋಗುವವರು ಇನ್ನು ಸಾಲುವಂತಿರಲಿಲ್ಲ, ರಾತ್ರಿಯೂ ಜೊತೆಗೆ ಒಬ್ಬರು ಬೇಕಾಯಿತು. ನಮ್ಮೂರ ಕಡೆಯ ಅಕ್ಕ ಒಬ್ಬರು ಬರಲು ಒಪ್ಪಿದರು. ಆದರೆ ನಾವಿರುವುದು ಬೆಂಗಳೂರಿನ ಬಾಡಿಗೆ ಮನೆಯ ಮಹಡಿಯಲ್ಲಿ, ಮಾಲೀಕರು ಕೆಳಗೇ ಇದ್ದಾರೆ. 11 ತಿಂಗಳ ಕರಾರುಪತ್ರ ತೆಗೆದು ನೋಡಿದೆ. ಕುಟುಂಬದವರು ಮಾತ್ರ ಇರತಕ್ಕದ್ದು, ಒಳಬಾಡಿಗೆ ಕೊಡಕೂಡದು ಎಂದಿತ್ತು. ಸಂಬಳಕ್ಕೆ ಇರುವವರು ಒಳಬಾಡಿಗೆಯವರಲ್ಲ ನಿಜ, ಹಾಗಂತ ಕುಟುಂಬದವರೂ ಅಲ್ಲವಲ್ಲ. ಕೇಳಲೇಬೇಕು, ಅದೂ ಅವರು ಚೀಲ ಹಿಡಿದು ಬರುವ ಮೊದಲೇ.

ಇಲ್ಲೊಂದು ತಪ್ಪು ಮಾಡಿದೆ. ಅವಸರದಲ್ಲಿ ಅಕ್ಕನ ಆಧಾರ್ ಕಾರ್ಡಿನ ಫೋಟೊ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿದೆ. ಅವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಬೀದಿಯವರ ಗುಂಪಿಗೆ ಹಾಕಿದರು. ಅಕ್ಕ ಫೋನಿನಲ್ಲಿ, "ನನ್ನ ಒಂದು ಮಾತು ಕೇಳ್ದೆ ಕಾರ್ಡು ಬೀದಿಗೆಲ್ಲಾ ಹಂಚಿಬಿಟ್ರಾ ಮೇಡಂ?" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಆಮೇಲೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಆಧಾರ್ ಜಾಲತಾಣದಿಂದ 'ಮಾಸ್ಕ್ಡ್ ಆಧಾರ್' ಇಳಿಸಿಕೊಂಡೆ. ಅದರಲ್ಲಿ 12 ಅಂಕಿಗಳ ಪೈಕಿ ಕೊನೆಯ 4 ಮಾತ್ರ ಕಾಣುತ್ತವೆ. ಓಟಿಪಿ ಬರುವುದು ಕಾರ್ಡಿಗೆ ಜೋಡಿಸಿದ ಅವರ ಮೊಬೈಲಿಗೇ, ಹಾಗಾಗಿ ಅವರಿಗೆ ತಿಳಿಯದೆ ಇದು ಆಗುವುದಿಲ್ಲ. ನಕಲಿನ ಮೇಲೆ ಅಡ್ಡಲಾಗಿ, 'ಮನೆ ಮಾಲೀಕರಿಗೆ ಗುರುತಿಗಾಗಿ ಮಾತ್ರ' ಎಂದು ಬರೆದು ತಾರೀಖು ಹಾಕಿದೆವು. ಅಂಕಿ ಮುಚ್ಚಿದ್ದರೆ ಅಸಲಿ ಎಂದು ತಿಳಿಯುವುದು ಹೇಗೆ ಎಂಬುದು ಮಾಲೀಕರ ಅನುಮಾನ. ಹಾಳೆಯ ಮೇಲಿನ ಕ್ಯೂಆರ್ ಕೋಡನ್ನು ಆಧಾರ್ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ ತೋರಿಸಿದೆ. ಪರದೆಯ ಮೇಲೆ ಬಂದ ಹೆಸರು, ಫೋಟೊ ಹಾಳೆಯಲ್ಲಿದ್ದದ್ದಕ್ಕೆ ಹೊಂದಿದವು. ಯಾರಾದರೂ ಹಾಳೆಯನ್ನು ತಿದ್ದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಾರೆ.

ಅದರ ಜೊತೆಗೊಂದು ಪತ್ರ ಕೊಟ್ಟೆ. ಓದುತ್ತೇನೆ: "ಮಾನ್ಯರೇ, ತಾಯಿಯವರ ಆರೈಕೆಗೆ ಮತ್ತು ಅಡುಗೆಗೆ ಒಬ್ಬರು ಮಹಿಳೆ ನಮ್ಮ ಜೊತೆ ವಾಸವಿರುತ್ತಾರೆ. ಅವರಿಂದ ನಾವು ಬಾಡಿಗೆ ಪಡೆಯುವುದಿಲ್ಲ. ಕೆಲಸ ಬಿಟ್ಟ ದಿನವೇ ಅವರ ವಾಸವೂ ಮುಗಿಯುತ್ತದೆ, ಅದನ್ನು ತಮಗೆ ತಿಳಿಸುತ್ತೇವೆ. ಒಪ್ಪಿಗೆಯಿದ್ದರೆ ಕೆಳಗೆ ಸಹಿ ಮಾಡಿಕೊಡಿ." ಬಾಯಿಮಾತಿನ 'ಆಯ್ತು' ಮುಂದೆ ಮಗನಿಗೋ ಅಳಿಯನಿಗೋ ಮನೆಯ ಉಸ್ತುವಾರಿ ಹೋದಾಗ ನಿಲ್ಲುವುದಿಲ್ಲ. ಅದಕ್ಕೇ ಈ ಸಹಿ.

ಪೊಲೀಸ್ ಪರಿಶೀಲನೆಗೂ ಅರ್ಜಿ ಹಾಕಿದೆವು. ಅದು ಹಳೆಯ ಕೇಸುಗಳಿವೆಯೇ ಎಂದು ಹೇಳೀತು, ಸ್ವಭಾವವನ್ನು ಹೇಳುವುದಿಲ್ಲ. ಅಕ್ಕನ ಸ್ವಭಾವ ತಿಳಿದದ್ದು ಅವರು ಹಿಂದೆ ಕೆಲಸ ಮಾಡಿದ ಮನೆಯವರಿಗೆ ಫೋನು ಮಾಡಿದಾಗ.

ಮಾಲೀಕರು ಕನ್ನಡಕ ಏರಿಸಿ ಎಲ್ಲವನ್ನೂ ನಿಧಾನವಾಗಿ ಓದಿದರು. ಸಹಿ ಮಾಡಿದರು. ಆಮೇಲೆ ಇಷ್ಟು ಹೊತ್ತೂ ಮನಸ್ಸಿನಲ್ಲೇ ಇದ್ದದ್ದನ್ನು ಕೇಳಿದರು: "ಅದೆಲ್ಲಾ ಸರಿ ಕಣಮ್ಮಾ, ರಾತ್ರಿ ಗೇಟಿನ ಬೀಗದ ಕೈ ಯಾರ ಹತ್ರ ಇರುತ್ತೆ?"