"ವೇದಿಕೆ ಮೇಲೆ ಆಸೀನರಾಗಿರುವ..." ಅಂತ ಶುರು ಮಾಡ್ಬೇಡ ಪುಟ್ಟಿ

ಎಲ್ರಿಗೂ ನಮಸ್ಕಾರ. ನಮ್ಮ ಹೈಸ್ಕೂಲುಗಳಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಬೀಳ್ಕೊಡುಗೆ ಸಮಾರಂಭ ಇರುತ್ತಲ್ಲ, ಪ್ರಾರ್ಥನೆ, ಸ್ವಾಗತ, ದೀಪ ಬೆಳಗೋದು, ಹಿತವಚನ, ಅದರ ಮಧ್ಯೆ "ವಿದ್ಯಾರ್ಥಿಗಳ ಅನಿಸಿಕೆ" ಅಂತ ಕ್ಲಾಸ್ ಲೀಡರ್‌ಗೆ ಐದು ನಿಮಿಷ ಕೊಡ್ತಾರೆ. ಇವತ್ತು ಆ ಐದು ನಿಮಿಷದ ಬಗ್ಗೆ ಮಾತ್ರ ಮಾತಾಡ್ತೀನಿ. ಯಾಕಂದ್ರೆ ಇಡೀ ಕಾರ್ಯಕ್ರಮದಲ್ಲಿ ಮಕ್ಕಳದ್ದು ಅಂತ ಇರೋದು ಅಷ್ಟೇ, ಅದನ್ನೂ ದೊಡ್ಡೋರ ಭಾಷಣದ ಥರಾನೇ ಬರೆಸಿಬಿಡ್ತೀವಿ.

ನಮ್ಮ ಅಕ್ಕನ ಮಗಳು ಸರ್ಕಾರಿ ಹೈಸ್ಕೂಲಲ್ಲಿ ಹತ್ತನೇ ಕ್ಲಾಸು, ಅವಳೇ ಲೀಡರ್ರು. "ಮಾಮ, ಒಂದ್ಸಲ ನೋಡು" ಅಂತ ಒಂದೂವರೆ ಪುಟ ತಂದ್ಲು. ಅರ್ಧ ಪುಟ ಬರೀ ವೇದಿಕೆ ಮೇಲಿರೋರ ಹೆಸ್ರು, ಆಮೇಲೆ ಶಾಲೆ ಗೂಡು, ನಾವು ಹಕ್ಕಿಗಳು, ಗುರುಗಳು ದೀಪ. ಯಾವ ಊರಿನ ಯಾವ ಶಾಲೇಲಿ ಓದಿದ್ರೂ ಹಂಗಂಗೇ ನಡಿಯುತ್ತೆ. ಹೆಸ್ರುಗಳನ್ನ ಸ್ವಾಗತ ಮಾಡೋರು ಹೇಗೂ ಹೇಳಿರ್ತಾರೆ, ನೀನು "ಎಲ್ಲ ಗುರುಗಳಿಗೂ ನಮಸ್ಕಾರ" ಅಂದ್ರೆ ಸಾಕು ಅಂತ ಅದನ್ನ ತೆಗೆಸ್ದೆ. ಆಮೇಲೆ ಕೇಳ್ದೆ, ಪುಟ್ಟಿ, ನಿಮ್ಮ ಕ್ಲಾಸೆಲ್ಲ ಒಟ್ಟಿಗೆ ನಕ್ಕಿದ್ದು ಯಾವತ್ತು?

ಅವಳಿಗೆ ಹೇಳೋಕ್ ಮುಂಚೆನೇ ನಗು ಬಂತು. ಪ್ರೇಯರ್‌ನಲ್ಲಿ ದಿನಾ ಒಬ್ರು ಪೇಪರ್ ಓದ್ಬೇಕು, ಒಂದಿನ ಒಬ್ಬ ಹುಡ್ಗ ಗಡಿಬಿಡೀಲಿ ಹಳೇ ಪೇಪರ್ ತಂದು "ಇಂದಿನ ಮುಖ್ಯ ವಾರ್ತೆಗಳು" ಅಂತ ಜೋರಾಗಿ ಓದಿದಾನೆ, ಇಂದು ಭಾರಿ ಮಳೆ ಸಾಧ್ಯತೆ ಅಂತಾನೂ ಓದಿದಾನೆ, ಮೇಲೆ ನೋಡಿದ್ರೆ ಕಣ್ಣು ಬಿಡೋಕಾಗ್ದಿರೋ ಬಿಸ್ಲು, ಆದ್ರೂ ಇಡೀ ಶಾಲೆ ಕೈಕಟ್ಕೊಂಡು ಕೇಳಿದೆ. ಸಾಯಂಕಾಲ ಛತ್ರಿ ಹಿಡ್ಕೊಂಡಿರೋರು ಇಬ್ರು ಬೇರೆ!

ಇದು ಹೇಳೋ ಮಾತು. ಆದ್ರೆ ಹೆಂಗೆ ಹೇಳ್ತೀವಿ ಅನ್ನೋದ್ರಲ್ಲಿದೆ ಎಲ್ಲ. ಅವಳು ಮೊದಲು ಬರೆದಿದ್ದು "ನಮ್ಮ ಕ್ಲಾಸಿನ ಮರೆಗುಳಿ ಒಬ್ಬ..." ಅಂತ. ನಾನು ಬೇಡ ಅಂದೆ. ಹಂಗೆ ಹೇಳಿದ್ರೆ ಎಲ್ರೂ ತಿರುಗಿ ಅವನನ್ನೇ ನೋಡ್ತಾರೆ, ಅವರಪ್ಪ ಅಮ್ಮನೂ ಕೂತಿರ್ತಾರೆ. ಬದಲಿಗೆ "ಹೋದ ವಾರದ ಮಳೆಗೆ ನಾವೆಲ್ಲ ಈ ವಾರ ಛತ್ರಿ ತಂದಿದ್ವಿ" ಅಂತ ಬರೆದ್ಲು. ಈಗ ನಗು ಬರೋದು ಕೇಳಿದ ಅಷ್ಟೂ ಜನರ ಮೇಲೆ. ಆದ್ರೂ ಹೋಗಿ ಆ ಹುಡ್ಗನ್ನ ಕೇಳ್ಕೊಂಡ್ ಬಾ ಅಂದೆ, ಅವನು ಖುಷಿಯಾಗಿ ಹೂಂ ಅಂದನಂತೆ. ಅಡ್ಡಹೆಸ್ರು, ಬಣ್ಣ, ಮಾರ್ಕ್ಸು, ಯಾರ ಜೊತೆ ಯಾರ ಹೆಸ್ರು ಸೇರಿಸ್ತಿದ್ರು ಅನ್ನೋದು, ಇವು ಕ್ಲಾಸ್‌ರೂಮಲ್ಲಿ ನಗು ತರಿಸಿರ್ಬಹುದು, ಮೈಕಲ್ಲಿ ಮಾತ್ರ ಬೇಡವೇ ಬೇಡ. ಮನೇಲಿ ಓದಿ ನೋಡುವಾಗಲೇ ಗೊತ್ತಾಗುತ್ತೆ, ಗೆಳತಿಯರು ನಗೋಕ್ ಮುಂಚೆ ಒಬ್ಬಳ ಮುಖ ನೋಡಿದ್ರೆ ಆ ಸಾಲು ತೆಗಿಬೇಕು.

ಎರಡನೇ ನೆನಪು, ಪ್ರಿಪರೇಟರಿ ಟೈಮಿನ ಸಂಜೆ ಕ್ಲಾಸು. ಅವಳು "ಗುರುಗಳು ನಮಗಾಗಿ ಶ್ರಮಿಸಿದರು" ಅಂತ ಬರ್ಕೊಂಡಿದ್ಲು. ಏನ್ ಮಾಡಿದ್ರು ಹೇಳು ಅಂದೆ. ಕರೆಂಟ್ ಹೋದ್ರೆ ಗಣಿತದ ಮೇಷ್ಟ್ರು ಮೊಬೈಲ್ ಟಾರ್ಚನ್ನ ಒಬ್ಬ ಹುಡ್ಗನ ಕೈಗೆ ಕೊಟ್ಟು ಬೋರ್ಡ್ ಮೇಲೆ ಪ್ರಮೇಯ ಮುಗಿಸ್ತಿದ್ರಂತೆ, ಕ್ಲಾಸ್ ಬಿಟ್ಮೇಲೆ ಕೊನೇ ಹುಡುಗಿಯ ಮನೆಯವರು ಬರೋವರ್ಗೂ ಗೇಟ್ ಹತ್ರಾನೇ ನಿಂತಿರ್ತಿದ್ರಂತೆ. ಅಷ್ಟನ್ನೇ ಬರಿ, ಹೊಗಳೋ ಮಾತು ಒಂದೂ ಬೇಡ ಅಂದೆ. ಅದಾದ್ಮೇಲೆ ಬಿಸಿಯೂಟದ ಅಡುಗೆ ಅಮ್ಮಂದಿರ ಹೆಸ್ರು ಅವಳೇ ಸೇರಿಸಿದ್ಲು, ಸಾರು ಸಾಕು ಅಂದ್ರೂ ಇನ್ನೊಂದು ಸೌಟು ಹಾಕ್ತಿದ್ರು ಅಂತ. ಅವರು ವೇದಿಕೆ ಮೇಲೆ ಇರಲ್ಲ ನೋಡಿ, ಹಿಂದೆ ಕೇಸರಿಬಾತ್ ಮಾಡ್ತಿರ್ತಾರೆ, ನನಗಂತೂ ಆ ಸಾಲು ಓದಿ ಗಂಟಲು ಕಟ್ಟಿತು.

ಮೊದಲು ನಗು, ಆಮೇಲೆ ಈ ನೆನಪು, ಇದೇ ಆರ್ಡರ್ ಇಟ್ವಿ. ಮೊದಲೇ ಅತ್ತುಬಿಟ್ರೆ ಆಮೇಲೆ ಛತ್ರಿ ಕಥೆಗೆ ಯಾರೂ ನಗಲ್ಲ, ಅವಳಿಗೂ ದನಿ ಬರಲ್ಲ. ಜೋರಾಗಿ ಓದ್ಸಿ ಟೈಮರ್ ಇಟ್ರೆ ನಾಲ್ಕು ನಿಮಿಷ ಬಂತು. ನಗೋಕೆ ಜಾಗ ಬೇಕಲ್ವಾ, ಒಂದು ನಿಮಿಷ ಖಾಲಿ ಬಿಟ್ವಿ.

ಕೊನೆಗೆ ಏನಿರ್ಲಿ ಅಂತ ತುಂಬಾ ಹೊತ್ತು ಕೂತ್ವಿ. "ಹೋಗಿ ಬರುತ್ತೇವೆ" ಅಂತ ಇತ್ತು. ಅವಳೇ ಹೊಡೆದು ಹಾಕಿ, ಒಂಬತ್ತನೇ ಕ್ಲಾಸಿನೋರಿಗೆ ಅಂತ ಹೀಗೆ ಬರೆದ್ಲು: "ಬೋರ್‌ವೆಲ್ ಪಕ್ಕದ ಬೇವಿನ ಗಿಡಕ್ಕೆ ಶನಿವಾರ ನಾವು ಎರಡು ಕೊಡ ನೀರು ಹಾಕ್ತಿದ್ವಿ. ಬೇಸಿಗೆ ರಜೇಲೂ ಯಾರಾದ್ರೂ ಬನ್ನಿ. ಕೊಡ ಸ್ಟಾಫ್ ರೂಮ್ ಹಿಂದೆ ಇದೆ."