ಗೋಲಿಯೊಳಗಿನ ಆ ಮೂರು

ಆಕಾಶವಾಣಿ ಕಾರವಾರದ ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಂದು ಗಾಜಿನ ಗೋಲಿ ಸಾಕು. ಮಕ್ಕಳು ಅಂಗಳದಲ್ಲಿ ಆಡುವ ಗೋಲಿ. ಡಿಗ್ರಿ ಓದುವ ಮಕ್ಕಳು ಯಾರಾದರೂ ಕೇಳ್ತಾ ಇದ್ದರೆ ಪೆನ್ನು ತಗೊಳ್ಳಿ. ಉಳಿದವರು ಸುಮ್ನೆ ಕೂತು ಕೇಳಿದರೂ ತಿಳಿಯುತ್ತದೆ.

ಎರಡು ದೊಡ್ಡ ಲೋಹದ ತಟ್ಟೆಗಳನ್ನು ಎದುರುಬದುರು ನಿಲ್ಲಿಸಿ, ಬ್ಯಾಟರಿ ಜೋಡಿಸಿದ್ದೇವೆ ಅಂದುಕೊಳ್ಳಿ. ನಡುವೆ ವಿದ್ಯುತ್ ಕ್ಷೇತ್ರ ಇದೆ. ಎಲ್ಲಾ ಕಡೆ ಒಂದೇ ಸಮ, ಮೀಟರಿಗೆ 1000 ವೋಲ್ಟ್. ಅದರ ನಡುವೆ ಗೋಲಿಯನ್ನು ತೂಗುಬಿಟ್ಟಿದ್ದೇವೆ. ಗೋಲಿಯ ಒಳಗೆ ಕ್ಷೇತ್ರ ಎಷ್ಟು?

ಗಾಜಿಗೆ ಒಂದು ಸಂಖ್ಯೆ ಇದೆ, ಡೈಎಲೆಕ್ಟ್ರಿಕ್ ಸ್ಥಿರಾಂಕ. ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಅಂತ ಹೇಳುವ ಸಂಖ್ಯೆ. ಗಾಳಿಯದು ಹೆಚ್ಚುಕಡಿಮೆ 1. ಗಾಜಿನದು 6 ಅಂತ ಇಟ್ಟುಕೊಳ್ಳೋಣ. ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು 1000ವನ್ನು 6ರಿಂದ ಭಾಗಿಸಿ 167 ಅನ್ನುತ್ತಾರೆ. ಅದು ತಪ್ಪು. ಉತ್ತರ 375. ಇಷ್ಟು ವರ್ಷ ಕಲಿಸಿದ ಮೇಲೂ ಆ 167 ಕಂಡರೆ ನನಗೆ ತಡೆಯಲಾಗುವುದಿಲ್ಲ. ಗಾಜು ಯಾವುದು ಅಂತ ಕೇಳಿದರೆ ಸಾಲದು ಮಕ್ಕಳೇ, ಆಕಾರ ಯಾವುದು ಅಂತಲೂ ಕೇಳಬೇಕು.

ಒಳಗೆ ಏನಾಗುತ್ತದೆ ನೋಡಿ. ಗಾಜಿನ ಪ್ರತಿ ಅಣುವಿನಲ್ಲೂ ಧನ ವಿದ್ಯುದಂಶ, ಋಣ ವಿದ್ಯುದಂಶ ಎರಡೂ ಇವೆ. ಕ್ಷೇತ್ರ ಬಂದ ಕೂಡಲೇ ಧನ ಭಾಗ ಒಂದು ಕಡೆಗೆ, ಋಣ ಭಾಗ ಇನ್ನೊಂದು ಕಡೆಗೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಸರಿಯುತ್ತವೆ. ಇಡೀ ಗೋಲಿಯನ್ನು ಎರಡು ಗೋಲಿ ಅಂತ ಭಾವಿಸಿ. ಒಂದು ಪೂರ್ತಿ ಧನ, ಇನ್ನೊಂದು ಪೂರ್ತಿ ಋಣ, ಒಂದರೊಳಗೊಂದು ಕೂತಿವೆ. ಈಗ ಸ್ವಲ್ಪ ಆಚೀಚೆ ಸರಿದಿವೆ. ನಡುವೆಲ್ಲ ಧನ, ಋಣ ಒಂದನ್ನೊಂದು ಅಳಿಸಿಹಾಕುತ್ತವೆ. ಎರಡು ತುದಿಗಳಲ್ಲಿ ಮಾತ್ರ ಬಿದಿಗೆಯ ಚಂದ್ರನಂಥ ತೆಳು ಪದರ ಉಳಿಯುತ್ತದೆ, ಒಂದು ತುದಿಗೆ ಧನ, ಇನ್ನೊಂದಕ್ಕೆ ಋಣ. ಈ ಎರಡು ಪದರ ಸೇರಿ ಗೋಲಿಯೊಳಗೆ ಹೊರಗಿನ ಕ್ಷೇತ್ರಕ್ಕೆ ಎದುರಾಗಿ ಇನ್ನೊಂದು ಕ್ಷೇತ್ರ ಹುಟ್ಟಿಸುತ್ತವೆ. ಇದಕ್ಕೆ ಡಿಪೋಲರೈಸಿಂಗ್ ಫೀಲ್ಡ್ ಅಂತಾರೆ. ನಾನು ಎದುರು ಕ್ಷೇತ್ರ ಅನ್ನುತ್ತೇನೆ.

ಗೋಲಿಯಲ್ಲಿ ಈ ಎದುರು ಕ್ಷೇತ್ರ ಎಲ್ಲಾ ಕಡೆ ಒಂದೇ ಸಮ ಇರುತ್ತದೆ. ಅದರ ಲೆಕ್ಕದಲ್ಲಿ ಒಂದು 3 ಬರುತ್ತದೆ. ಅದು ಎಲ್ಲಿಂದಲೋ ತಂದು ಹಾಕಿದ ಅಂಕಿ ಅಲ್ಲ. ಗೋಳದ ಗಾತ್ರದ ಸೂತ್ರದಲ್ಲಿ ಮೂರರಲ್ಲಿ ನಾಲ್ಕು ಪೈ ಆರ್ ಕ್ಯೂಬ್ ಅಂತ ಬರುತ್ತದಲ್ಲ, ಅದೇ ಮೂರು.

ಈಗ ಒಂದು ಹಳೆಯ ಸಂಗತಿ ಹೇಳಬೇಕು. ಜುಲೈ ತಿಂಗಳು. ಹೊರಗೆ ಕಾರವಾರದ ಮಳೆ, ಹೆಂಚಿನ ಮೇಲೆ ಬೀಳುವ ಸದ್ದಿಗೆ ನನ್ನ ಮಾತು ಹಿಂದಿನ ಬೆಂಚಿಗೆ ಕೇಳ್ತಾ ಇರಲಿಲ್ಲ. ಅಂಕೋಲಾ ಕಡೆಯಿಂದ ದಿನಾ ಬಸ್ಸಿಗೆ ಬರುವ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಎದುರು ಕ್ಷೇತ್ರ ಬಂದ್ರೆ ಒಳಗಿನ ಕ್ಷೇತ್ರ ಕಡಿಮೆ ಆಗ್ತದೆ. ಅದು ಕಡಿಮೆ ಆದ್ರೆ ತುದಿಯ ಪದರವೂ ಕಡಿಮೆ ಆಗ್ತದೆ. ಹಂಗಾದ್ರೆ ಎದುರು ಕ್ಷೇತ್ರವೂ ಕಡಿಮೆ. ಮತ್ತೆ ಒಳಗೆ ಜಾಸ್ತಿ. ಇದು ಎಲ್ಲಿ ನಿಲ್ತದೆ ಸರ್?"

ಎಂಥ ಪ್ರಶ್ನೆ! "ಬಾ ತಂಗಿ, ನೀನೇ ಮಾಡಿ ನೋಡು" ಅಂತ ಸೀಮೆಸುಣ್ಣ ಅವಳ ಕೈಗೇ ಕೊಟ್ಟೆ. ನಿಯಮ ಇಷ್ಟೇ. ಗಾಜಿನ 6ರಲ್ಲಿ ಗಾಳಿಯ 1 ಕಳೆದರೆ 5. ಒಳಗಿನ ಕ್ಷೇತ್ರವನ್ನು 5ರಿಂದ ಗುಣಿಸಿ 3ರಿಂದ ಭಾಗಿಸಿದರೆ ಎದುರು ಕ್ಷೇತ್ರ.

ಅವಳು ಒಳಗೆ 1000 ಅಂತ ಶುರುಮಾಡಿದಳು. ಎದುರು ಕ್ಷೇತ್ರ 1667. ಸಾವಿರದಲ್ಲಿ ಕಳೆದರೆ ಮೈನಸ್ 667. ಹುಬ್ಬು ಗಂಟಿಕ್ಕಿದಳು, ಬಿಡಲಿಲ್ಲ. ಮತ್ತೆ ಅದನ್ನೇ ಹಾಕಿದಳು. ಈ ಸಲ 2111. ಅದರ ಮುಂದಿನ ಸಲ ಮೈನಸ್ 2500 ದಾಟಿತು. ಲೆಕ್ಕ ಹಗ್ಗ ಹರಿದ ದೋಣಿಯ ಹಾಗೆ ಆ ಕಡೆ, ಈ ಕಡೆ ಹೊಯ್ದಾಡಿತು. "ನಿಲ್ಲೋದೇ ಇಲ್ಲ ಸರ್!"

ನಾನು ಕೇಳಿದೆ, "ಮೀನು ಮಾರ್ಕೆಟ್ಟಿನ ತಕ್ಕಡಿ ನೋಡಿದ್ದೀಯಲ್ಲ? ಮುಳ್ಳು ನಿಂತಾಗ ಎರಡೂ ಕಡೆ ಒಂದೇ ಹೊತ್ತಿಗೆ ಸರಿಯಾಗಿರುತ್ತದೆ. ಗೋಲಿಯೂ ಹಾಗೇ. ಮೊದಲು ಕ್ಷೇತ್ರ, ಆಮೇಲೆ ಪದರ, ಮತ್ತೆ ಕ್ಷೇತ್ರ ಅಂತ ಸರದಿಯಲ್ಲಿ ನಡೆಯೋದಿಲ್ಲ. ಎರಡೂ ಒಟ್ಟಿಗೇ ಬೆಳೆದು ಒಂದು ಕಡೆ ನಿಲ್ಲುತ್ತವೆ. ಎಲ್ಲಿ ಸಮ ಆಗ್ತದೆ ಅಂತ ಹುಡುಕು." ಅವಳು ಎರಡೇ ಸಾಲಿನಲ್ಲಿ ಬರೆದಳು. ಒಳಗಿನ ಕ್ಷೇತ್ರಕ್ಕೆ ಅದರದೇ ಮೂರರಲ್ಲಿ ಐದು ಪಾಲು ಸೇರಿಸಿದರೆ 1000 ಆಗಬೇಕು. ಅಂದರೆ ಒಳಗಿನದರ ಮೂರರಲ್ಲಿ ಎಂಟು ಪಾಲು 1000. ಉತ್ತರ 375. ಸರಿ ಇದೆಯಾ ಅಂತ ಅವಳೇ ತಾಳೆ ನೋಡಿದಳು. 375ಕ್ಕೆ ಎದುರು ಕ್ಷೇತ್ರ 625. ಸಾವಿರದಲ್ಲಿ 625 ಹೋದರೆ 375. ಮುಳ್ಳು ನಿಂತಿತು. ಹೊರಗೆ ಮಳೆ ಮಾತ್ರ ನಿಂತಿರಲಿಲ್ಲ.

ಬೇರೆ ವಸ್ತುವಿಗೂ ಇದೇ ದಾರಿ. ಸ್ಥಿರಾಂಕಕ್ಕೆ 2 ಕೂಡಿಸಿ, ಮೂರನ್ನು ಅದರಿಂದ ಭಾಗಿಸಿ, ಹೊರಗಿನ ಕ್ಷೇತ್ರದಿಂದ ಗುಣಿಸಿ. ಮುಗೀತು.

ಹಾಗಾದರೆ ಆ 167 ಎಲ್ಲಿಯದು? ಅದೇ ಗಾಜನ್ನು ಅಗಲವಾದ ಹಲಗೆ ಮಾಡಿ ಕ್ಷೇತ್ರಕ್ಕೆ ಅಡ್ಡಲಾಗಿ ನಿಲ್ಲಿಸಿ. ಎರಡು ಮುಖಗಳ ತುಂಬಾ ಪದರ, ಎದುರು ಕ್ಷೇತ್ರ ಪೂರ್ತಿ, 3ರಿಂದ ಭಾಗಿಸುವ ಮಾತೇ ಇಲ್ಲ. ಆಗ 167. ಅದೇ ಗಾಜನ್ನು ಉದ್ದ ಸೂಜಿ ಮಾಡಿ ಕ್ಷೇತ್ರದ ದಿಕ್ಕಿಗೇ ಹಿಡಿಯಿರಿ. ಪದರ ದೂರದ ಎರಡು ಚಿಕ್ಕ ತುದಿಗಳಲ್ಲಿ ಮಾತ್ರ, ನಡುವೆ ಅದರ ಪ್ರಭಾವ ಇಲ್ಲವೇ ಇಲ್ಲ ಅನ್ನಬಹುದು. ಒಳಗೆ ಹೆಚ್ಚುಕಡಿಮೆ 1000ವೇ. ಹಲಗೆಗೆ 167, ಗೋಲಿಗೆ 375, ಸೂಜಿಗೆ 1000. ಗಾಜು ಅದೇ, ಆಕಾರ ಬೇರೆ.

ಗೋಲಿಯ ಹೊರಗೂ ಒಂದು ಮಾತಿದೆ. ತುದಿಗೆ ತಾಗಿದ ಗಾಳಿಯಲ್ಲಿ ಕ್ಷೇತ್ರ 375ರ ಆರು ಪಟ್ಟು, 2250. ಯಾವ ವಸ್ತು ತಂದರೂ ಉರುಟು ಗೋಳದ ತುದಿಯಲ್ಲಿ ಇದು 3000 ದಾಟುವುದಿಲ್ಲ. ಮಳೆಗಾಲದಲ್ಲಿ ಕೈಗಾ ಕಡೆಯ ಹೈಟೆನ್ಶನ್ ಲೈನಿನ ಕೆಳಗೆ ಸುರ್ ಅನ್ನುವ ಸದ್ದು ಕೇಳಿದ್ದೀರಲ್ವಾ? ತಂತಿಗೆ ಜೋತ ನೀರಹನಿ ಕ್ಷೇತ್ರದ ಎಳೆತಕ್ಕೆ ಚೂಪಾಗುತ್ತದೆ. ಆಗ ಅದು ಗೋಳ ಅಲ್ಲ, ತುದಿಯ ಕ್ಷೇತ್ರ ಇನ್ನೂ ಏರಿ ಸುತ್ತಲಿನ ಗಾಳಿ ಒಡೆಯುತ್ತದೆ.

ನಮ್ಮ ಕರಾವಳಿಯಲ್ಲಿ ಪ್ರಯೋಗ ಮಾಡುವವರಿಗೆ ಒಂದು ಎಚ್ಚರಿಕೆ. ಜುಲೈನಲ್ಲಿ ಗೋಲಿಯ ಮೈಮೇಲೆ ಕಣ್ಣಿಗೆ ಕಾಣದ ನೀರಿನ ಪಸೆ ಕೂತಿರುತ್ತದೆ. ಅದರಲ್ಲಿ ವಿದ್ಯುದಂಶ ಹರಿದು ತುದಿಗೆ ಸೇರಿದರೆ ಒಳಗಿನ ಕ್ಷೇತ್ರ ಸೊನ್ನೆಗೆ ಇಳಿಯುತ್ತದೆ, ಗೋಲಿ ಲೋಹದ ಗುಂಡಿನ ಹಾಗೆ ಆಡುತ್ತದೆ. ತುದಿಯ ಹೊರಗೆ 2250 ಬರುವ ಬದಲು 3000ದ ಹತ್ತಿರ ಬಂದರೆ ಪಸೆ ಇದೆ ಅಂತಲೇ ಲೆಕ್ಕ. ಬಿಸಿ ಮಾಡಿ ಒಣಗಿಸಿ ಮತ್ತೆ ಅಳೆಯಿರಿ.

ಸಮಯ ಆಗ್ತಾ ಬಂತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಇದೊಂದು ಹೇಳಿಬಿಡುತ್ತೇನೆ. ಗೋಲಿಯನ್ನು ತಿರುವುಮುರುವು ಮಾಡಿ, ಅಂದರೆ ಸುತ್ತ ಗಟ್ಟಿ ವಸ್ತು, ಒಳಗೆ ಗಾಳಿ. ಎಪಾಕ್ಸಿ ಅನ್ನುವ ಗಟ್ಟಿ ರಾಳದ ಇನ್ಸುಲೇಟರಿನೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆ ಹಾಗೇ ಇರುತ್ತದೆ. ಎಪಾಕ್ಸಿಗೆ 4 ಅಂತ ಹಿಡಿದರೆ ಸುತ್ತ 1000 ಇರುವಾಗ ಉರುಟು ಗುಳ್ಳೆಯೊಳಗೆ 1333. ಇಲ್ಲಿ ಪದರಗಳು ಎದುರು ನಿಲ್ಲುವುದಿಲ್ಲ, ಜೊತೆಗೂಡಿ ತಳ್ಳುತ್ತವೆ. ಅದೇ ಗಾಳಿ ಕ್ಷೇತ್ರಕ್ಕೆ ಅಡ್ಡಲಾಗಿ ತೆಳು ಬಿರುಕಾಗಿ ಕೂತರೆ ಒಳಗೆ 4000. ಗಾಳಿಯ ತಡೆಯುವ ಶಕ್ತಿ ಎಪಾಕ್ಸಿಗಿಂತ ಕಡಿಮೆ, ಹಾಗಾಗಿ ಕಿಡಿ ಮೊದಲು ಏಳುವುದು ಆ ಬಿರುಕಿನಲ್ಲೇ.

ನಮಸ್ಕಾರ.