ಸ್ಟೇಟ್‌ಮೆಂಟ್ ಸಾಲನ್ನ ಬಲಗಡೆಯಿಂದ ಓದಿ

ಕೇಳುಗರಿಗೆಲ್ಲ ನಮಸ್ಕಾರ. ಸಂಘದ ಲೆಕ್ಕ ಬರೆಯೋರು, ಅಂಗಡಿ ಲೆಕ್ಕ ನೋಡ್ಕೊಳ್ಳೋರು, ಅಪಾರ್ಟ್‌ಮೆಂಟ್ ಖಜಾಂಚಿಗಳು, ನೀವೆಲ್ಲ ಒಂದು ಪೆನ್ನು ಪೇಪರ್ ತಗೊಂಡು ಕೂತ್ಕೊಳ್ಳಿ. ಬ್ಯಾಂಕ್ ಸ್ಟೇಟ್‌ಮೆಂಟಿನ ಪಿಡಿಎಫ್ ತೆಗೆದು, ಸಾಲುಗಳನ್ನ ಕಾಪಿ ಮಾಡಿ ಎಕ್ಸೆಲ್‌ಗೆ ಪೇಸ್ಟ್ ಮಾಡ್ತೀರಲ್ಲ, ಆಗ ಎಲ್ಲಾ ಒಂದೇ ಕಾಲಂನಲ್ಲಿ ಬಂದು ಬೀಳುತ್ತೆ. ಅದನ್ನ ತಾರೀಕು, ವಿವರ, ಡೆಬಿಟ್, ಕ್ರೆಡಿಟ್, ಬ್ಯಾಲೆನ್ಸ್ ಅಂತ ಐದು ಕಾಲಂ ಮಾಡೋದು ಹೇಗೆ ಅನ್ನೋದೇ ಇವತ್ತಿನ ಮಾತು. ನೆಟ್ ಬ್ಯಾಂಕಿಂಗ್‌ನಲ್ಲಿ ಎಕ್ಸೆಲ್ ಫೈಲೇ ಡೌನ್‌ಲೋಡ್ ಸಿಗೋದಾದ್ರೆ ದಯವಿಟ್ಟು ಅದನ್ನೇ ತಗೊಳ್ಳಿ, ಇಷ್ಟೆಲ್ಲ ಕಷ್ಟ ಬೇಡ. ಪಿಡಿಎಫ್ ಬಿಟ್ಟು ಬೇರೆ ಏನೂ ಕೈಗೆ ಸಿಗಲ್ಲ ಅನ್ನೋರಿಗೆ ಈ ಮಾತು.

ಮೊದಲು ತೊಂದರೆ ಎಲ್ಲಿದೆ ಅಂತ ನೋಡಿ. ಪಿಡಿಎಫ್‌ನಲ್ಲಿ ಡೆಬಿಟ್ ಕಾಲಂ ಬೇರೆ, ಕ್ರೆಡಿಟ್ ಕಾಲಂ ಬೇರೆ, ಒಂದು ಸಾಲಿನಲ್ಲಿ ಯಾವುದೋ ಒಂದು ತುಂಬಿರುತ್ತೆ ಇನ್ನೊಂದು ಖಾಲಿ ಇರುತ್ತೆ. ಕಾಪಿ ಮಾಡಿದಾಗ ಆ ಖಾಲಿ ಜಾಗ ಮಾಯ ಆಗುತ್ತೆ. ಈಗ ನಿಮ್ಮ ಮುಂದೆ ಇರೋ ಸಾಲುಗಳು ಹೀಗಿರುತ್ವೆ, ಶುರುವಿನ ಬ್ಯಾಲೆನ್ಸ್ 18,450 ರೂಪಾಯಿ ಅಂದ್ಕೊಳ್ಳಿ:

```
03/04/2025 UPI/509312345678/PAYMENT 1,500.00 19,950.00
05/04/2025 UPI/509512345678/PAYMENT 2,300.00 17,650.00
05/04/2025 CASH DEP 6,000.00 23,650.00
07/04/2025 CHQ PAID 000412 12,500.00 11,150.00
```

ಪ್ರತಿ ಸಾಲಿನ ಕೊನೇಲೂ ಎರಡು ದುಡ್ಡಿನ ಅಂಕಿ ಇದೆ. ಮೊದಲನೇ ಸಾಲಿನ 1,500 ಬಂದಿದ್ದಾ ಹೋಗಿದ್ದಾ? ಎರಡನೇ ಸಾಲಿನ 2,300? ಎರಡೂ ಯುಪಿಐ, ಎರಡೂ ನೋಡೋಕೆ ಒಂದೇ ಥರ. ಸಾಲು ಒಂದನ್ನೇ ಇಟ್ಕೊಂಡು ಎಷ್ಟು ಹೊತ್ತು ನೋಡಿದ್ರೂ ಗೊತ್ತಾಗಲ್ಲ. ಗೊತ್ತಾಗೋದು ಬ್ಯಾಲೆನ್ಸ್‌ನಿಂದ. 18,450 ಇದ್ದಿದ್ದು 19,950 ಆಯ್ತು ಅಂದ್ರೆ ಏರಿತು, ದುಡ್ಡು ಬಂದಿದೆ, ಕ್ರೆಡಿಟ್. ಆಮೇಲೆ 17,650ಕ್ಕೆ ಇಳೀತು, ದುಡ್ಡು ಹೋಗಿದೆ, ಡೆಬಿಟ್. ಅಷ್ಟೇನೇ. ಇವತ್ತು ನಾನು ಹೇಳೋದು ಇದೊಂದೇ: ಸಾಲನ್ನ ಬಲಗಡೆಯಿಂದ ಓದಿ, ಬ್ಯಾಲೆನ್ಸ್ ಏರಿತಾ ಇಳೀತಾ ನೋಡಿ.

ಆದ್ರೆ ಜನ ಏನ್ ಮಾಡ್ತಾರೆ? ಎಡಗಡೆಯಿಂದ ಶುರು ಮಾಡ್ತಾರೆ. ಎಕ್ಸೆಲ್‌ನಲ್ಲಿ Text to Columns ಅಂತ ಒಂದಿದೆ, ಅದನ್ನ ಒತ್ತಿ ಸ್ಪೇಸ್ ಇದ್ದಲ್ಲೆಲ್ಲ ಒಡೀತಾರೆ. ವಿವರದಲ್ಲಿ ಒಂದು ಸಾಲಿಗೆ ಒಂದೇ ಪದ, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು. ಹಾಗಾಗಿ ಬ್ಯಾಲೆನ್ಸ್ ಅನ್ನೋದು ಒಂದು ಸಾಲಲ್ಲಿ ಡಿ ಕಾಲಂಗೆ, ಇನ್ನೊಂದರಲ್ಲಿ ಎಫ್ ಕಾಲಂಗೆ ಹೋಗಿ ಕೂರುತ್ತೆ. ಎಡಗಡೆ ಅಳತೆ ಇಲ್ಲ ಸ್ವಾಮಿ, ಬಲಗಡೆ ಅಳತೆ ಇದೆ. ಕೊನೇ ತುಂಡು ಬ್ಯಾಲೆನ್ಸ್, ಅದರ ಹಿಂದಿನದು ಮೊತ್ತ, ಮೊದಲ ಹತ್ತು ಅಕ್ಷರ ತಾರೀಕು, ಮಧ್ಯ ಉಳಿದಿದ್ದೆಲ್ಲ ವಿವರ, ಅದು ಎಷ್ಟು ಉದ್ದ ಬೇಕಾದ್ರೂ ಇರ್ಲಿ.

ತಿಪಟೂರು ಕಡೆ ಒಂದು ಮಹಿಳಾ ಸಂಘದಲ್ಲಿ ಲೆಕ್ಕ ಬರೆಯೋ ಹೆಣ್ಮಗಳು ಒಬ್ಬರಿದ್ದಾರೆ, ಬಹಳ ಶ್ರದ್ಧೆ, ಒಂದು ಚೀಟಿ ಕೂಡ ಕಳೆದವರಲ್ಲ. ಆಡಿಟ್ ಹತ್ರ ಬಂದಾಗ ನನಗೆ ಫೋನ್ ಮಾಡಿದ್ರು. "ಸಾರ್, ನನ್ನ ಲೆಕ್ಕಕ್ಕೂ ಬ್ಯಾಂಕಿಗೂ ಒಂಬತ್ತು ಸಾವಿರ ವ್ಯತ್ಯಾಸ ಬರ್ತಿದೆ, ಸಂಘದವರು ನನ್ನ ಮುಖ ನೋಡ್ತಾವ್ರೆ" ಅಂದ್ರು, ದನಿ ನಡುಗ್ತಿತ್ತು. ನಾನು ಕೇಳ್ದೆ, "ಅಮ್ಮಾ, ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಅಂತ ಹೇಗೆ ಗುರುತು ಹಾಕಿದ್ರಿ?" ಅದಕ್ಕೆ ಅವರು, "ವಿವರ ನೋಡ್ಕೊಂಡು ಹಾಕ್ದೆ ಸಾರ್, ಕ್ಯಾಶ್ ಡೆಪ್ ಅಂದ್ರೆ ಬಂದಿದ್ದು, ಚೆಕ್ಕು ಅಂದ್ರೆ ಹೋಗಿದ್ದು, ಯುಪಿಐ ಅಂದ್ರೆ ಹೋಗಿದ್ದು" ಅಂದ್ರು.

ಯಾಕಮ್ಮಾ ಯುಪಿಐ ಅಂದ್ರೆ ಹೋಗಿದ್ದು ಅಂದ್ರೆ, ಸಂಘದಿಂದ ಸ್ಟೇಷನರಿ ಅಂಗಡಿಗೆ, ಜೆರಾಕ್ಸ್‌ಗೆ ಎಲ್ಲಾ ಫೋನಲ್ಲೇ ಕಟ್ತಾರೆ, ಅದಕ್ಕೆ. ಸರಿ, ನಾನು ಹೇಳ್ದೆ, ಒಂಬತ್ತು ಸಾವಿರದಲ್ಲಿ ಅರ್ಧ ಮಾಡಿ, ನಾಲ್ಕೂವರೆ ಸಾವಿರ. ನಾಲ್ಕೂವರೆ ಸಾವಿರ ಆಗೋ ಥರದ್ದು ಏನಾದ್ರೂ ಇದೆಯಾ ನೋಡಿ. ಯಾಕೆ ಅರ್ಧ ಅಂದ್ರೆ, ಬಂದ ದುಡ್ಡನ್ನ ಹೋಗಿದ್ದು ಅಂತ ಬರೆದ್ರೆ ಒಂದ್ಸಲ ಸೇರಿಸೋದು ಬಿಟ್ಟ ಹಾಗೆ, ಇನ್ನೊಂದ್ಸಲ ಕಳೆದ ಹಾಗೆ, ವ್ಯತ್ಯಾಸ ಡಬಲ್ ಆಗುತ್ತೆ. ಅವರು ಫೋನ್ ಪಕ್ಕಕ್ಕಿಟ್ಟು ಹುಡುಕಿದ್ರು, ನಾನು ಕಾಯ್ತಾ ಕೂತಿದ್ದೆ. ಕೊನೆಗೆ ಅವರೇ ಹೇಳಿದ್ರು, "ಸಾರ್, ಸಾವಿರದ ಐನೂರು ಮೂರು ಸಲ ಇದೆ, ಅಯ್ಯೋ, ಇದು ಸಾಲದ ಕಂತು, ನಮ್ಮ ಸದಸ್ಯೆ ಒಬ್ಬರು ಕೈಯಲ್ಲಿ ಕೊಡದೆ ಫೋನ್‌ನಲ್ಲೇ ಹಾಕಿದ್ರು!" ಕಟ್ಟಿದ ಕಂತು ಖರ್ಚಿನ ಪಟ್ಟಿಯಲ್ಲಿ ಕೂತಿತ್ತು. ಇತ್ತ ಪುಸ್ತಕದಲ್ಲಿ ಆ ಸದಸ್ಯೆ ಸುಸ್ತಿದಾರಳು, ಮೂರು ಕಂತು ಬಾಕಿ. ಪಾಪ ಕಟ್ಟಿದವಳಿಗೆ ನೋಟಿಸ್ ಹೋಗೋದರಲ್ಲಿತ್ತು. ಇಷ್ಟಕ್ಕೂ ಆ ಮೂರೂ ಸಾಲಲ್ಲಿ ಬ್ಯಾಲೆನ್ಸ್ ಏರಿತ್ತು, ಕಣ್ಣೆದುರಿಗೇ ಇತ್ತು. ಅದಕ್ಕೇ ಮತ್ತೆ ಮತ್ತೆ ಹೇಳ್ತೀನಿ, ವಿವರ ನೋಡಿ ಊಹೆ ಮಾಡ್ಬೇಡಿ, ಬ್ಯಾಲೆನ್ಸ್ ನೋಡಿ.

ಈಗ ಬರ್ಕೊಳ್ಳಿ. ಹೊಸ ಎಕ್ಸೆಲ್ ಬೇಕು, ಇಲ್ಲಾಂದ್ರೆ ಬ್ರೌಸರ್‌ನಲ್ಲಿ ಬಿಟ್ಟಿ ಸಿಗೋ ಎಕ್ಸೆಲ್ ಆದ್ರೂ ಆಗುತ್ತೆ. ಪೇಸ್ಟ್ ಮಾಡಿದ ಸಾಲುಗಳು ಎ ಕಾಲಂನಲ್ಲಿ ಮೂರನೇ ಸಾಲಿನಿಂದ ಶುರುವಾಗ್ಲಿ. ಇ2ರಲ್ಲಿ ಶುರುವಿನ ಬ್ಯಾಲೆನ್ಸ್ ಕೈಯಲ್ಲೇ ಟೈಪ್ ಮಾಡಿ, ನಮ್ಮ ಉದಾಹರಣೇಲಿ 18450. ಇ3ರಲ್ಲಿ ಬ್ಯಾಲೆನ್ಸ್, ಡಿ3ರಲ್ಲಿ ಮೊತ್ತ, ಸಿ3ರಲ್ಲಿ ವಿವರ, ಬಿ3ರಲ್ಲಿ ತಾರೀಕು, ಇದೇ ಕ್ರಮದಲ್ಲಿ ಓದ್ತೀನಿ:

```
=VALUE(SUBSTITUTE(TEXTAFTER(TRIM(A3)," ",-1),",",""))
=VALUE(SUBSTITUTE(TEXTBEFORE(TEXTAFTER(TRIM(A3)," ",-2)," "),",",""))
=MID(TEXTBEFORE(TRIM(A3)," ",-2),12,200)
=LEFT(TRIM(A3),10)
```

ಉದ್ದ ಇದೆ ಅಂತ ಹೆದರ್ಬೇಡಿ. ಅದರಲ್ಲಿರೋ ಮೈನಸ್ ಒಂದು, ಮೈನಸ್ ಎರಡು ಅಂದ್ರೆ ಬಲಗಡೆಯಿಂದ ಮೊದಲನೇ ಸ್ಪೇಸು, ಬಲಗಡೆಯಿಂದ ಎರಡನೇ ಸ್ಪೇಸು, ನಾನು ಇಷ್ಟು ಹೊತ್ತು ಹೇಳ್ತಿರೋದೇ ಅದು. SUBSTITUTE ಇರೋದು ನಮ್ಮ ಲಕ್ಷದ ಕಾಮಾ ತೆಗೆಯೋಕೆ, ಕಾಮಾ ಉಳಿದು ಅದು ಬರೀ ಅಕ್ಷರವಾಗೇ ಕೂತ್ರೆ ಕೂಡೋಕೆ ಕಳೆಯೋಕೆ ಬರಲ್ಲ. ಇನ್ನು ಎಫ್3 ಡೆಬಿಟ್, ಜಿ3 ಕ್ರೆಡಿಟ್, ಎಚ್3 ತಾಳೆ:

```
=IF(E3<E2,D3,"")
=IF(E3>E2,D3,"")
=ROUND(ABS(E3-E2)-D3,2)
```

ಮೂರನೇ ಸಾಲಲ್ಲಿ ಹಾಕಿ ಕೆಳಗಿನವರೆಗೂ ಎಳೀರಿ. ನಮ್ಮ ನಾಲ್ಕು ಸಾಲಿಗೆ ಕ್ರೆಡಿಟ್ 1,500 ಮತ್ತು 6,000, ಒಟ್ಟು 7,500 ಬರುತ್ತೆ. ಡೆಬಿಟ್ 2,300 ಮತ್ತು 12,500, ಒಟ್ಟು 14,800. 18,450ಕ್ಕೆ 7,500 ಕೂಡಿಸಿ 14,800 ಕಳೀರಿ, 11,150, ಸ್ಟೇಟ್‌ಮೆಂಟಿನ ಕೊನೇ ಬ್ಯಾಲೆನ್ಸೂ ಅದೇ.

ಎಚ್ ಕಾಲಂ ಮಾತ್ರ ಯಾರೂ ಬಿಡ್ಬೇಡಿ, ಎಷ್ಟು ಹೇಳಿದ್ರೂ ಜನ ಅದನ್ನೇ ಬಿಡ್ತಾರೆ. ಅಲ್ಲಿ ಉದ್ದಕ್ಕೂ ಸೊನ್ನೆ ಬರ್ಬೇಕು. ಒಂದು ಕಡೆ ಮಾತ್ರ ಸೊನ್ನೆ ಅಲ್ಲ ಅಂದ್ರೆ, ಅದರ ಮೇಲೆ ಒಂದು ಸಾಲು ಬಿಟ್ಟು ಹೋಗಿದೆ ಅಂತ ಹುಡುಕಿ, ಪೇಜ್ ತಿರುಗೋ ಜಾಗದಲ್ಲಿ ಹಾಗಾಗೋದು ಜಾಸ್ತಿ. ಸುಮಾರು ಎಲ್ಲಾ ಸಾಲಲ್ಲೂ ಸೊನ್ನೆ ಅಲ್ಲ ಅಂದ್ರೆ ತಾರೀಕು ನೋಡಿ, ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ಹೊಸದು ಮೇಲೆ ಹಳೇದು ಕೆಳಗೆ ಇರುತ್ತೆ. ಮೊಬೈಲ್ ಆ್ಯಪ್‌ನಿಂದ ತೆಗೆದ್ರೆ ಹಾಗೆ ಬರೋದುಂಟು. ಆಗ ಡೆಬಿಟ್ ಕ್ರೆಡಿಟ್ ಕೆಲವು ಸರಿ ಕೆಲವು ಉಲ್ಟಾ ಬಂದು ತಲೆ ಕೆಡುತ್ತೆ. ಅದಕ್ಕೆ ತಾರೀಕಿನ ಪ್ರಕಾರ ಸಾರ್ಟ್ ಮಾಡೋಕೆ ಹೋಗ್ಬೇಡಿ, ಒಂದೇ ದಿನದ ಎರಡು ವ್ಯವಹಾರ ಹಿಂದುಮುಂದಾದ್ರೆ ಬ್ಯಾಲೆನ್ಸಿನ ಸರಪಳಿ ಕಿತ್ತುಹೋಗುತ್ತೆ. ಫಾರ್ಮುಲಾ ಹಾಕೋಕೆ ಮುಂಚೆ ಪಕ್ಕದಲ್ಲಿ ಒಂದು, ಎರಡು, ಮೂರು ಅಂತ ನಂಬರ್ ಹಾಕಿ, ದೊಡ್ಡ ನಂಬರ್ ಮೇಲೆ ಬರೋ ಹಾಗೆ ತಿರುಗಿಸಿ.

ಟೈಮ್ ಆಗ್ತಾ ಬಂತು ಅಂತ ಸನ್ನೆ ಮಾಡ್ತಿದ್ದಾರೆ, ಉಳಿದಿದ್ದನ್ನ ಬೇಗ ಹೇಳ್ಬಿಡ್ತೀನಿ. ಉದ್ದದ ವಿವರ ಎರಡು ಸಾಲಾಗಿ ಮುರಿದು ಬಂದಿದ್ರೆ, ತಾರೀಕಿಲ್ಲದೆ ಶುರುವಾಗೋ ಆ ತುಂಡನ್ನ ಮೇಲಿನ ಸಾಲಿನ ವಿವರದ ಪಕ್ಕಕ್ಕೆ ಸೇರಿಸಿ, ಖಾಲಿಯಾದ ಸಾಲನ್ನ ಅಳಿಸಿಬಿಡಿ. ಸಾಲಿನ ಬಾಲಕ್ಕೆ ಅಂಟಿಸಿದ್ರೆ ಬಲಗಡೆಯ ಅಳತೆ ಕೆಡುತ್ತೆ, ಮಧ್ಯಕ್ಕೇ ಹೋಗ್ಬೇಕು. ಓವರ್‌ಡ್ರಾಫ್ಟ್ ಅಕೌಂಟ್ ಇರೋರಿಗೆ ಬ್ಯಾಲೆನ್ಸ್ ಆದ್ಮೇಲೆ Dr ಅಥವಾ Cr ಅಂತ ಇರುತ್ತೆ, ಅಲ್ಲಿ Dr ಅಂದ್ರೆ ಬ್ಯಾಂಕಿಗೆ ನೀವು ಕೊಡ್ಬೇಕಾದ್ದು, ಎ ಕಾಲಂನಲ್ಲೇ ಆ Dr, Cr ಅಳಿಸಿ, Dr ಇದ್ದ ಬ್ಯಾಲೆನ್ಸಿನ ಮುಂದೆ ಸ್ಪೇಸ್ ಬಿಡದೆ ಮೈನಸ್ ಹಾಕ್ಕೊಂಡು ಆಮೇಲೆ ಏರಿತಾ ಇಳೀತಾ ನೋಡಿ, 50,000 Dr ಇದ್ದಿದ್ದು 40,000 Dr ಆದ್ರೆ ಅದು ಏರಿದ್ದು. ಪಿಡಿಎಫ್ ಅಪ್‌ಲೋಡ್ ಮಾಡಿದ್ರೆ ಎಕ್ಸೆಲ್ ಮಾಡಿಕೊಡ್ತೀವಿ ಅನ್ನೋ ಗೊತ್ತಿಲ್ಲದ ಸೈಟ್‌ಗಳಿಗೆ ಸಂಘದ ಸ್ಟೇಟ್‌ಮೆಂಟ್ ಕೊಡ್ಬೇಡಿ ದಯವಿಟ್ಟು, ಅದರಲ್ಲಿ ಎಲ್ಲರ ದುಡ್ಡಿನ ವಿಷಯ ಇದೆ.

ಕೊನೇದಾಗಿ ತಾರೀಕು. 03/04 ಅಂದ್ರೆ ನಮಗೆ ಏಪ್ರಿಲ್ ಮೂರು, ಅಮೆರಿಕಾ ಸೆಟ್ಟಿಂಗ್ ಇರೋ ಕಂಪ್ಯೂಟರಿಗೆ ಅದು ಮಾರ್ಚ್ ನಾಲ್ಕು. ಬಿ ಕಾಲಂನಲ್ಲಿ ಬಂದಿರೋದು ಸದ್ಯಕ್ಕೆ ಬರೀ ಅಕ್ಷರ, ಅದನ್ನ ನಿಜವಾದ ತಾರೀಕು ಮಾಡ್ಕೊಳ್ಳೋಕೆ ಐ ಕಾಲಂನಲ್ಲಿ ಇದನ್ನ ಹಾಕಿ:

```
=DATE(RIGHT(B3,4),MID(B3,4,2),LEFT(B3,2))
```

ವರ್ಷ ಯಾವುದು, ತಿಂಗಳು ಯಾವುದು, ದಿನ ಯಾವುದು ಅಂತ ನಾವೇ ಹೇಳಿದ ಮೇಲೆ ಕಂಪ್ಯೂಟರ್ ಯಾವ ಸೆಟ್ಟಿಂಗ್‌ನಲ್ಲಿದ್ರೂ ತಿಂಗಳು ದಿನ ಅದಲು ಬದಲು ಆಗಲ್ಲ. ನಮಸ್ಕಾರ.